ಪಾಲಿಸಿಗಳ ರಿಜಿಸ್ಟರ್: ರಟ್ಟಿನ ಪುಸ್ತಕವಾ, ಎಕ್ಸೆಲ್ ಶೀಟಾ, ಶೇರ್‌ಪಾಯಿಂಟಾ?

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಗೆ ಡಾಕ್ಯುಮೆಂಟ್ ಕಂಟ್ರೋಲ್ ನೋಡಿಕೊಳ್ಳುವ ಕೆಲಸ ನನ್ನದು. ಐಎಸ್‌ಒ 9001 ಸರ್ಟಿಫಿಕೇಟ್ ಇದೆ, ವರ್ಷಕ್ಕೊಮ್ಮೆ ಆಡಿಟ್ ಇದೆ. ಪಾಲಿಸಿಗಳು ಮಾತ್ರ ಎಚ್‌ಆರ್ ಫೋಲ್ಡರ್, ಯಾರದೋ ಮೇಲ್, ನೋಟಿಸ್ ಬೋರ್ಡ್ ಅಂತ ಚದುರಿದ್ದವು. ಅವನ್ನೆಲ್ಲ ಒಂದು ರಿಜಿಸ್ಟರಿಗೆ ತರಲು ರಟ್ಟಿನ ಪುಸ್ತಕ, ಎಕ್ಸೆಲ್ ಶೀಟು, ಶೇರ್‌ಪಾಯಿಂಟ್ ಲೈಬ್ರರಿ ಮೂರನ್ನೂ ಬಳಸಿ ನೋಡಿದೆವು. ನಾನು ತೂಗಿದ್ದು ಒಂದೇ ಪ್ರಶ್ನೆಯಿಂದ: ವರ್ಷನ್ ನಂಬರನ್ನು ಎಷ್ಟು ಕಡೆ ಕೈಯಿಂದ ಬರೆಯಬೇಕು?

ರಟ್ಟಿನ ಪುಸ್ತಕದ ಮಾತು ಬೇಗ ಮುಗಿಯುತ್ತದೆ. ಶಾಪ್ ಫ್ಲೋರಿನಲ್ಲಿ ಕೆಂಪು ಸೀಲು ಹಾಕಿದ ಪ್ರತಿ ಯಾರ ಕೈಗೆ ಹೋಯಿತು, ಹಳೆಯದು ವಾಪಸ್ ಬಂತಾ ಅಂತ ಸಹಿ ಹಾಕಿಸಿಕೊಳ್ಳಲು ಅದು ಈಗಲೂ ಚೆನ್ನಾಗಿದೆ. ಆದರೆ ಮುಂದಿನ ತಿಂಗಳು ಯಾವ ಪಾಲಿಸಿ ಪರಿಶೀಲನೆಗೆ ಬರುತ್ತದೆ ಅಂತ ಕೇಳಿದರೆ ಪುಟ ಪುಟ ತಿರುವಬೇಕು.

ಚದುರಿದ್ದನ್ನು ಗುಡ್ಡೆ ಹಾಕುವ ಹಂತಕ್ಕೆ ಎಕ್ಸೆಲ್‌ನಷ್ಟು ಸುಲಭ ಇನ್ನೊಂದಿಲ್ಲ. Data > Get Data > From File > From Folder ಕೊಟ್ಟರೆ ಇಡೀ ಫೋಲ್ಡರಿನ ಫೈಲುಗಳ ಹೆಸರು, ಜಾಗ, ಬದಲಾದ ದಿನ ಎಲ್ಲವೂ ಪಟ್ಟಿಯಾಗಿ ಬರುತ್ತವೆ. ಅಲ್ಲಿಂದ ಕೈಕೆಲಸ. ರಜೆ ಪಾಲಿಸಿಯನ್ನೇ ನೋಡಿ. `Leave Policy final.docx`, `Leave Policy final 2.docx`, `Leave_Policy_signed.pdf` ಮೂರೂ ಸಿಕ್ಕವು. ಬದಲಾದ ದಿನ ನೋಡಿದರೆ `final 2` ಎಲ್ಲಕ್ಕಿಂತ ಹೊಸದು. ಆದರೆ ಯಾರೋ ತೆರೆದು ಸುಮ್ನೆ ಸೇವ್ ಮಾಡಿದರೂ ಆ ದಿನ ಬದಲಾಗುತ್ತದೆ, ಅದನ್ನು ನಂಬುವ ಹಾಗಿಲ್ಲ. ಜಾರಿಯಲ್ಲಿರುವುದು ಸಹಿ ಆದ ಪಿಡಿಎಫ್. ಅದಕ್ಕೆ ರಿಜಿಸ್ಟರಿನಲ್ಲಿ ಒಂದು ಸಾಲು, ಸಹಿಯ ದಿನವೇ ಒಪ್ಪಿಗೆಯ ದಿನ. `final` ಹಳೆಯ ಫೋಲ್ಡರಿಗೆ ಹೋಯಿತು. `final 2` ಅನ್ನು ಎಚ್‌ಆರ್ ಮುಂದಿನ ತಿದ್ದುಪಡಿಗೆ ಕರಡಾಗಿ ಇಟ್ಟುಕೊಂಡರು.

ಕಾಲಂಗಳು ಇಷ್ಟೇ: ದಾಖಲೆ ಸಂಖ್ಯೆ, ಹೆಸರು, ಹೊಣೆ, ವರ್ಷನ್, ಒಪ್ಪಿಗೆಯ ದಿನ (E), ಮುಂದಿನ ಪರಿಶೀಲನೆ (F), ಕೊನೆಯ ಗಡುವು (G), ಸ್ಥಿತಿ (H). ಗಡುವಿನ ಕಾಲಂ ಯಾಕೆ ಅಂದರೆ ಎಲ್ಲ ಪಾಲಿಸಿಗೂ ಒಂದು ವರ್ಷದ ಅಳತೆ ಹೊಂದುವುದಿಲ್ಲ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಆಂತರಿಕ ಸಮಿತಿಯ ಸದಸ್ಯರ ಅವಧಿ 3 ವರ್ಷ ಮೀರುವಂತಿಲ್ಲ. ನಮ್ಮ ಪಾಲಿಸಿಯಲ್ಲಿ ಸದಸ್ಯರ ಹೆಸರೂ ಇದೆ. ಒಪ್ಪಿಗೆ ಆಗಿ ವರ್ಷ ತುಂಬುವ ಮೊದಲೇ ಸಮಿತಿಯ ಅವಧಿ ಮುಗಿದರೆ ಆ ದಿನವೇ ಲೆಕ್ಕಕ್ಕೆ. ಹಾಗಾಗಿ F ಮತ್ತು H ಕಾಲಂಗೆ:

```
=MIN(EDATE(E2,12),G2)
=IF(F2<TODAY(),"ಮೀರಿದೆ",IF(F2<=TODAY()+30,"ಹತ್ತಿರ","ಸರಿ"))
```

ಎಕ್ಸೆಲ್ ಕೈಕೊಡುವುದೂ ಇಲ್ಲೇ. ಒಬ್ಬರು F ಕಾಲಂನ ಫಾರ್ಮುಲಾ ಅಳಿಸಿ 15.03.2024 ಅಂತ ಚುಕ್ಕೆ ಇಟ್ಟು ಬರೆದಿದ್ದರು. ನಮ್ಮ ಕಂಪ್ಯೂಟರುಗಳ ಸೆಟ್ಟಿಂಗಿನಲ್ಲಿ ಎಕ್ಸೆಲ್ ಅದನ್ನು ದಿನಾಂಕ ಅಂದುಕೊಳ್ಳುವುದಿಲ್ಲ, ಬರೀ ಅಕ್ಷರ ಅಂದುಕೊಳ್ಳುತ್ತದೆ. ಹೋಲಿಸುವಾಗ ಅಕ್ಷರ ಯಾವತ್ತೂ ಸಂಖ್ಯೆಗಿಂತ ದೊಡ್ಡದು. ಅಂದರೆ ಆ ಸಾಲು ಎಷ್ಟು ವರ್ಷ ಹಳತಾದರೂ "ಸರಿ" ಅಂತಲೇ ತೋರಿಸುತ್ತದೆ! G ಕಾಲಂನಲ್ಲಿ ಹಾಗೆ ಬರೆದರೆ ಇನ್ನೂ ಕಷ್ಟ: MIN ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಎಡಕ್ಕೆ ಅಂಟಿಕೊಂಡ ದಿನಾಂಕ ಕಂಡರೆ ಅನುಮಾನಪಡಿ, ಪಕ್ಕದಲ್ಲಿ `=ISNUMBER(F2)`, G ಕಾಲಂ ಆದರೆ `=ISNUMBER(G2)` ಹಾಕಿ ನೋಡಿ. Data Validation ನಲ್ಲಿ Date ಮಾತ್ರ ಒಪ್ಪುವಂತೆ ಮಾಡಿಟ್ಟರೆ ಟೈಪ್ ಮಾಡುವವರನ್ನು ತಡೆಯುತ್ತದೆ. ಕಾಪಿ-ಪೇಸ್ಟ್ ಮಾಡುವವರನ್ನು ತಡೆಯುವುದಿಲ್ಲ.

ಇದನ್ನಾದರೂ ಕಾಯಬಹುದು. ನನ್ನ ಪ್ರಶ್ನೆಗೆ ಎಕ್ಸೆಲ್ ಕೊಡುವ ಉತ್ತರ ಮೂರು: ಫೈಲಿನ ಹೆಸರು, ದಾಖಲೆಯ ಹೆಡರ್, ಶೀಟು. ಆಡಿಟರ್ ಶೀಟು ನೋಡಿಕೊಂಡು ಒಂದು ಪಾಲಿಸಿ ತೆಗೆಸುತ್ತಾರೆ. ಶೀಟಿನಲ್ಲಿ 3, ಹೆಡರಿನಲ್ಲಿ 2. ಯಾವುದು ಸರಿ ಅಂತ ಹೇಳಲು ಮತ್ತೆ ಸಹಿ ಹುಡುಕಬೇಕು. ಅಂದ ಹಾಗೆ, ಐಎಸ್‌ಒ 9001:2015 'ಮಾಸ್ಟರ್ ಲಿಸ್ಟ್' ಇಡಿ ಅಂತ ಎಲ್ಲೂ ಹೇಳುವುದಿಲ್ಲ. 7.5.3 ಕೇಳುವುದು ಬದಲಾವಣೆಗಳ ಮೇಲೆ ಹಿಡಿತ ಇರಲಿ, ಬೇಕಾದ ಕಡೆ ಬೇಕಾದಾಗ ದಾಖಲೆ ಸಿಗಲಿ ಅಂತ. ಪಟ್ಟಿ ಚೆಂದ ಇದ್ದು ಹೆಡರ್ ಬೇರೆ ಹೇಳಿದರೆ ಪಟ್ಟಿಯಿಂದ ಪ್ರಯೋಜನ ಇಲ್ಲ.

ಶೇರ್‌ಪಾಯಿಂಟ್‌ನಲ್ಲಿ ಫೈಲು ಮತ್ತು ಅದರ ಸಾಲು ಒಂದೇ ಕಡೆ ಇರುತ್ತವೆ. ದೊಡ್ಡ ಲಾಭ ಅದು. ಆದರೆ ಅದು ತಾನೇ ಕೊಡುವ ವರ್ಷನ್ ನಂಬರನ್ನು ಪಾಲಿಸಿಯ ವರ್ಷನ್ ಅಂದುಕೊಳ್ಳಬೇಡಿ. ಒಂದು ಅಲ್ಪವಿರಾಮ ತಿದ್ದಿ ಸೇವ್ ಆದರೂ ಆ ನಂಬರ್ ಏರಬಹುದು. ಸಹಿ ಆಗಿದ್ದು ಎರಡೇ ಸಲ, ಅಲ್ಲಿ ನೋಡಿದರೆ 19.0 ಇರುತ್ತದೆ. ಕರಡು ಮತ್ತು ಪ್ರಕಟಿತ ವರ್ಷನ್ ಬೇರೆ ಮಾಡುವ ಸೆಟ್ಟಿಂಗ್ ಹಾಕಿದರೆ ಪರಿಸ್ಥಿತಿ ಸುಧಾರಿಸುತ್ತದೆ. ಆದರೂ ನಾವು ಅದನ್ನು ಇತಿಹಾಸಕ್ಕೆ ಬಿಟ್ಟು, `Issue` ಅಂತ ನಮ್ಮದೇ ಕಾಲಂ ಮಾಡಿಕೊಂಡೆವು. ಆಮೇಲೆ ವರ್ಡ್‌ನಲ್ಲಿ Insert > Quick Parts > Document Property ಯಿಂದ ಆ ಕಾಲಂ ಅನ್ನು ಹೆಡರಿನಲ್ಲಿ ಕೂರಿಸಿದೆವು. ಈಗ ನಂಬರ್ ಒಂದೇ ಕಡೆ ಬರೆಯುತ್ತೇವೆ, ಹೆಡರ್ ಅಲ್ಲಿಂದಲೇ ಓದಿಕೊಳ್ಳುತ್ತದೆ. ಫೈಲಿನ ಹೆಸರಿನಿಂದ ವರ್ಷನ್ ಕಿತ್ತು ಹಾಕಿದೆವು. ಮಿತಿಯೂ ಇದೆ: ಎಕ್ಸೆಲ್ ರೂಪದ ಫಾರಂಗಳಿಗೆ ಈ ಸೌಲಭ್ಯ ಇಲ್ಲ, ಮತ್ತು ಮೊದಲೇ ತೆಗೆದಿಟ್ಟ ಪಿಡಿಎಫ್ ತಾನಾಗಿ ಬದಲಾಗುವುದಿಲ್ಲ.

ದಿನಾಂಕದ ಕಾಲಂ ದಿನಾಂಕ ಬಿಟ್ಟು ಬೇರೆ ಏನನ್ನೂ ಒಳಗೆ ಬಿಡುವುದಿಲ್ಲ, ಅದೊಂದು ನೆಮ್ಮದಿ. ಆದರೆ "ಮೀರಿದೆ" ಅಂತ ತೋರಿಸಲು ಲೆಕ್ಕದ ಕಾಲಂ ಮಾಡಲು ಹೋಗಬೇಡಿ. ಆ ಸಾಲನ್ನು ಯಾರಾದರೂ ತಿದ್ದಿದಾಗ ಮಾತ್ರ ಅದು ಮತ್ತೆ ಲೆಕ್ಕ ಹಾಕುತ್ತದೆ, ದಿನಾ ಹಾಕುವುದಿಲ್ಲ. ಅದರ ಬದಲು ಒಂದು ವ್ಯೂ ಮಾಡಿ, ಪರಿಶೀಲನೆ ದಿನ `[Today]+30` ಕ್ಕಿಂತ ಕಡಿಮೆ ಅಥವಾ ಸಮ ಅಂತ ಫಿಲ್ಟರ್ ಹಾಕಿ. ತೆರೆದ ದಿನದ ಲೆಕ್ಕ ಸಿಗುತ್ತದೆ.

ಹೊಣೆಯ ಕಾಲಂ ವಿಷಯದಲ್ಲಿ ಎಕ್ಸೆಲ್ಲೇ ಮೇಲು ಅನ್ನಿಸಿತು. ಅಲ್ಲಿ 'ಎಚ್‌ಆರ್ ಮ್ಯಾನೇಜರ್' ಅಂತ ಹುದ್ದೆ ಬರೆದರೆ ಮುಗಿಯಿತು. ಶೇರ್‌ಪಾಯಿಂಟಿನ Person ಕಾಲಂ ಮನುಷ್ಯನನ್ನು ಕೇಳುತ್ತದೆ, ಮನುಷ್ಯ ಕೆಲಸ ಬಿಟ್ಟರೆ ನೆನಪಿನ ಮೇಲ್ ಮುಚ್ಚಿದ ಖಾತೆಗೆ ಹೋಗುತ್ತದೆ. ಅದಕ್ಕೇ ಎರಡು ಕಾಲಂ ಇಟ್ಟೆವು: ಹುದ್ದೆ ಒಂದು, ಈಗ ಆ ಕುರ್ಚಿಯಲ್ಲಿರುವವರು ಇನ್ನೊಂದು. ಮೇಲ್ ಕಳಿಸುವ ಪವರ್ ಆಟೋಮೇಟ್ ಫ್ಲೋ ಕೂಡ ಒಬ್ಬರ ಖಾತೆಯಲ್ಲೇ ಓಡುವುದು ಜಾಸ್ತಿ. ಆ ಒಬ್ಬರು ಹೋದರೆ ಅದೂ ನಿಲ್ಲಬಹುದು, ನಿಂತಿದ್ದು ಯಾರಿಗೂ ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ ವ್ಯೂ ತೆರೆದು ನೋಡುವ ಕೆಲಸವನ್ನು ನಾನು ಕ್ಯಾಲೆಂಡರಿನಲ್ಲಿ ಹಾಗೇ ಉಳಿಸಿಕೊಂಡಿದ್ದೇನೆ.

ಒಬ್ಬರೇ ನೋಡಿಕೊಳ್ಳುವ ಮೂವತ್ತು ನಲವತ್ತು ದಾಖಲೆ ಇದ್ದರೆ ಎಕ್ಸೆಲ್ ಸಾಕು ಅಂತ ನನ್ನ ಲೆಕ್ಕ. ಬೇರೆ ಬೇರೆ ವಿಭಾಗದವರು ತಾವೇ ತಿದ್ದುತ್ತಾರೆ, ಆಫೀಸಿನಲ್ಲಿ ಮೈಕ್ರೋಸಾಫ್ಟ್ 365 ಮೊದಲೇ ಇದೆ ಅಂದರೆ ಶೇರ್‌ಪಾಯಿಂಟ್. ಆಗಲೂ ಪಟ್ಟಿಯನ್ನು ಎಕ್ಸೆಲ್‌ನಲ್ಲೇ ಹಸನು ಮಾಡಿ, ಒಂದು ಪಾಲಿಸಿಗೆ ಒಂದೇ ಸಾಲು ಉಳಿದ ಮೇಲೆ ಫೈಲುಗಳನ್ನು ಏರಿಸಿ. ಗೋಜಲನ್ನು ಹಾಗೇ ಏರಿಸಿದರೆ `final 2` ಅಲ್ಲೂ ಬಂದು ಕೂರುತ್ತದೆ, ಈ ಸಲ 1.0 ಅನ್ನುವ ನಂಬರ್ ಹಾಕಿಕೊಂಡು.