ಖಾಲಿ ಸಾಲುಗಳನ್ನು ಏನು ಮಾಡುವುದು: ಎಚ್ಚರದ ಪರಿಹಾರವೋ, ಮಿತವ್ಯಯದ ಪರಿಹಾರವೋ?

ಯಾವ ಷರತ್ತುಗಳು ಕೂಡಿದಾಗ ಒಂದು ಫಲಿತಾಂಶ ಸಿಗುತ್ತದೆಂದು ಪ್ರಕರಣಗಳನ್ನು ಹೋಲಿಸಿ ಹುಡುಕುವ ವಿಧಾನ ಗುಣಾತ್ಮಕ ತೌಲನಿಕ ವಿಶ್ಲೇಷಣೆ. ಷರತ್ತುಗಳು ಇರುವ, ಇಲ್ಲದಿರುವ ಪ್ರತಿಯೊಂದು ಜೋಡಣೆಗೂ ಅದರ ಸತ್ಯಕೋಷ್ಟಕದಲ್ಲಿ ಒಂದು ಸಾಲು; ಮೂರು ಷರತ್ತುಗಳಿದ್ದರೆ 8 ಸಾಲುಗಳು. ಪ್ರಕರಣಗಳು ಹತ್ತೇ ಇದ್ದಾಗ ಕೆಲವು ಸಾಲುಗಳು ಸಾಮಾನ್ಯವಾಗಿ ಒಂದೂ ಪ್ರಕರಣವಿಲ್ಲದೆ ಖಾಲಿ ಉಳಿಯುತ್ತವೆ.

ಒಂದು ಕಾಲ್ಪನಿಕ ಕೋಷ್ಟಕ ನೋಡೋಣ. ಫಲಿತಾಂಶ: ಮುಷ್ಕರದ ಗೆಲುವು. ಷರತ್ತುಗಳು: ಒಗ್ಗಟ್ಟು, ನಿಧಿ, ಜನಬೆಂಬಲ. ಒಗ್ಗಟ್ಟು ಮತ್ತು ನಿಧಿ ಎರಡೂ ಇರುವ ಎರಡು ಸಾಲುಗಳಲ್ಲಿ, ಜನಬೆಂಬಲ ಇದ್ದರೂ ಇಲ್ಲದಿದ್ದರೂ, ಗೆಲುವು ಸಿಕ್ಕಿದೆ. ಒಗ್ಗಟ್ಟಿಲ್ಲದ ಮೂರು ಸಾಲುಗಳಲ್ಲಿ ಸೋಲು. ಉಳಿದ ಮೂರು ಖಾಲಿ. ಒಗ್ಗಟ್ಟಿದ್ದು ನಿಧಿಯಿಲ್ಲದ ಎರಡೂ ಸಾಲುಗಳು ಅವುಗಳಲ್ಲಿ ಸೇರಿವೆ.

ಎಚ್ಚರದ ಪರಿಹಾರ ಖಾಲಿ ಸಾಲುಗಳನ್ನು ಮುಟ್ಟದೆ ‘ಒಗ್ಗಟ್ಟು ಮತ್ತು ನಿಧಿ’ ಎನ್ನುತ್ತದೆ. ಮಿತವ್ಯಯದ ಪರಿಹಾರ ಉತ್ತರವನ್ನು ಚಿಕ್ಕದಾಗಿಸಲು ಖಾಲಿ ಸಾಲುಗಳನ್ನೂ ಬಳಸಿಕೊಂಡು ‘ಒಗ್ಗಟ್ಟು’ ಸಾಕು ಎನ್ನುತ್ತದೆ. ಅಂದರೆ ನಿಧಿಯಿಲ್ಲದ ಮುಷ್ಕರವೂ ಗೆಲ್ಲುತ್ತಿತ್ತೆಂದು, ಯಾರೂ ಕಾಣದ ಪ್ರಕರಣಗಳ ಬಗ್ಗೆ ಊಹಿಸುತ್ತದೆ. ಅದರ ಪರವಾದ ವಾದವೂ ಹಗುರವಲ್ಲ: ನಿಧಿಯಿಂದ ವ್ಯತ್ಯಾಸವಾಯಿತೆಂದು ತೋರಿಸುವ ಪ್ರಕರಣ ಇಲ್ಲಿ ಒಂದೂ ಇಲ್ಲ.

ನಿಧಿ ಗೆಲುವಿಗೆ ನೆರವಾಗುತ್ತದೆಂಬ ಗಟ್ಟಿ ಸಿದ್ಧಾಂತ ಕೈಯಲ್ಲಿದ್ದರೆ ನಾನು ಇವೆರಡರ ನಡುವಿನ, ಸಿದ್ಧಾಂತಕ್ಕೆ ಒಪ್ಪುವ ಊಹೆಗಳನ್ನಷ್ಟೇ ಬಳಸುವ ಮಧ್ಯಂತರ ಪರಿಹಾರವನ್ನೇ ಆರಿಸುತ್ತೇನೆ. ಅದು ಆ ಊಹೆಯನ್ನು ತಿರಸ್ಕರಿಸಿ ನಿಧಿಯನ್ನು ಉಳಿಸಿಕೊಳ್ಳುತ್ತದೆ. ಸೋಲಿನ ವಿಶ್ಲೇಷಣೆಯನ್ನು ಬೇರೆಯಾಗಿ ಮಾಡಿ. ಒಂದೇ ಖಾಲಿ ಸಾಲು ಗೆಲುವಿಗೂ ಸೋಲಿಗೂ ಬಳಕೆಯಾಗಿದ್ದರೆ ಆ ಊಹೆಯನ್ನು ಕೈಬಿಡಬೇಕು.