ವ್ಯಾಲೆಟ್‌ನಲ್ಲಿ ಸಿಕ್ಕಿಕೊಂಡ 1,899 ರೂಪಾಯಿ: ನಾನು ನೋಡಿದ ಮೂರು ದಾರಿ

ದಸರೆಗೆಂದು ಬಟ್ಟೆ ಆ್ಯಪ್ ಒಂದರಲ್ಲಿ ಬೂಟು ತರಿಸಿದ್ದೆ. ಬಾಗಲಕೋಟೆಯ ನವನಗರದ ಮನೆಗೆ ಬಂದ ಹುಡುಗನ ಕೈಗೆ 1,899 ರೂಪಾಯಿ ನಗದು ಕೊಟ್ಟೆ. ಬೂಟು ಬಿಗಿಯಾಯಿತು, ವಾಪಸ್ ಕಳಿಸಿದೆ. ದುಡ್ಡು ಅಕ್ಟೋಬರ್ 4ರಂದು ಆ್ಯಪ್‌ನ ವ್ಯಾಲೆಟ್‌ಗೆ ಬಂತು. ಅದಕ್ಕೆ 90 ದಿನಗಳ ಗಡುವು ಇರುವುದನ್ನು ನಾನು ನೋಡಿದ್ದು ಡಿಸೆಂಬರ್ 5ಕ್ಕೆ. ಅದೂ ಬೇರೇನೋ ಹುಡುಕುವಾಗ, ಬಾಕಿ ಮೊತ್ತದ ಮೇಲೆ ಬೆರಳು ಒತ್ತಿದ್ದರಿಂದ. ‘ಜನವರಿ 2ರವರೆಗೆ’ ಎಂದು ಬೂದು ಬಣ್ಣದ ಸಣ್ಣ ಅಕ್ಷರದಲ್ಲಿತ್ತು. ಉಳಿದದ್ದು 28 ದಿನ.

ಮೊದಲು ಕೇಳಿ ವಾಪಸ್ ಪಡೆಯಲು ನೋಡಿದೆ. ಮೂರು ದಿನದಲ್ಲಿ ನಾಲ್ಕು ಸಲ ಗ್ರಾಹಕ ಸೇವೆಯವರೊಂದಿಗೆ ಚಾಟ್ ಮಾಡಿದೆ. ನಗದು ಕೊಟ್ಟ ಆರ್ಡರ್‌ಗೆ ಹಿಂದಿರುಗಿಸುವ ಖಾತೆಯೇ ಇಲ್ಲ, ವ್ಯಾಲೆಟ್‌ಗೆ ಒಮ್ಮೆ ಬಿದ್ದದ್ದನ್ನು ತೆಗೆಯಲಾಗದು ಎಂಬುದೇ ಪ್ರತಿ ಸಲದ ಉತ್ತರ. ಹೆಂಡತಿಯ ಚಪ್ಪಲಿಯ ಕಥೆ ಬೇರೆ. ಅದನ್ನು ಯುಪಿಐಯಲ್ಲಿ ಕೊಂಡಿದ್ದಳು. ರಿಫಂಡ್ ವ್ಯಾಲೆಟ್‌ಗೆ ಹೋಗುತ್ತಿದೆ ಎಂದು ತಿಳಿದ ದಿನವೇ ಕೇಳಿದ್ದಳು, ಐದನೇ ದಿನಕ್ಕೆ ದುಡ್ಡು ಬ್ಯಾಂಕಿಗೆ ಬಂದಿತ್ತು. ಆಮೇಲೆ ವಾಪಸಾತಿಯ ಪುಟವನ್ನು ಮತ್ತೆ ತೆರೆದು ನೋಡಿದೆ. ‘ತಕ್ಷಣ ವ್ಯಾಲೆಟ್‌ಗೆ’ ಎಂಬುದಕ್ಕೆ ಅವರೇ ಮೊದಲೇ ಗುರುತು ಹಾಕಿಟ್ಟಿದ್ದರು. ಅದರ ಕೆಳಗೆ ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ ಸಂಖ್ಯೆ ತುಂಬುವ ಜಾಗವೂ ಇತ್ತು. ‘ತಕ್ಷಣ’ ಎಂಬ ಮಾತಿಗೆ ಮರುಳಾಗಿದ್ದೆ. ಈ ದಾರಿ ಚೆನ್ನಾಗಿಯೇ ಇದೆ, ಆದರೆ ದುಡ್ಡು ವ್ಯಾಲೆಟ್‌ಗೆ ಬೀಳುವ ಮೊದಲು ಹಿಡಿಯಬೇಕು.

ಎರಡನೆಯದು ಜಾಣತನದ ದಾರಿ ಎಂದುಕೊಂಡಿದ್ದೆ: ಅದೇ ಆ್ಯಪ್‌ನಲ್ಲಿ ಗಿಫ್ಟ್ ಕಾರ್ಡ್ ಕೊಂಡು ಗಡುವನ್ನು ಮುಂದೂಡುವುದು. ಪಾವತಿಯ ಪುಟಕ್ಕೆ ಹೋದರೆ ವ್ಯಾಲೆಟ್‌ನ ಸಾಲು ಮಂಕಾಗಿ ನಿಂತಿತ್ತು, ಒತ್ತಿದರೆ ಏನೂ ಆಗಲಿಲ್ಲ. ಅಲ್ಲಿಗೆ ಐದೇ ನಿಮಿಷದಲ್ಲಿ ಅದು ಮುಗಿಯಿತು.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಹಲವು ಅಂಗಡಿಗಳಲ್ಲಿ ನಡೆಯುವ ವ್ಯಾಲೆಟ್‌ ಮತ್ತು ಗಿಫ್ಟ್ ಕಾರ್ಡ್‌ಗಳಿಗೆ ರಿಸರ್ವ್ ಬ್ಯಾಂಕಿನ 2021ರ ನಿರ್ದೇಶನ ಅನ್ವಯಿಸುತ್ತದೆ. ಕೊನೆಯ ಸಲ ಹಣ ತುಂಬಿದ ದಿನದಿಂದ ಕನಿಷ್ಠ ಒಂದು ವರ್ಷ ಅವು ಚಾಲ್ತಿಯಲ್ಲಿರಬೇಕು. ಮುಗಿಯುವ ಮುಂಚಿನ 45 ದಿನಗಳಲ್ಲಿ ಸಂದೇಶ ಕಳಿಸಿ ಎಚ್ಚರಿಸಬೇಕು. ಅವಧಿ ಮುಗಿದ ಮೇಲೂ ನಾವು ಕೇಳಿದರೆ ಉಳಿದ ಹಣವನ್ನು ಬ್ಯಾಂಕ್ ಖಾತೆಗೆ ಕೊಡಬೇಕು. ಒಂದೇ ಕಂಪನಿಯ ಸರಕಿಗೆ ಮಾತ್ರ ಸಲ್ಲುವ ನನ್ನಂಥ ವ್ಯಾಲೆಟ್ ಈ ನಿರ್ದೇಶನದ ಹೊರಗೆ. ಅಲ್ಲಿ ಅವರ ಷರತ್ತೇ ಕಾನೂನು. ಒಪ್ಪಿಗೆಯಿಲ್ಲದೆ ವ್ಯಾಲೆಟ್‌ಗೆ ಹಾಕಿದ್ದಾರೆ ಎಂದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಗುರುತನ್ನು ನಾನೇ ತೆಗೆಯದೆ ಬಿಟ್ಟಿದ್ದರಿಂದ ಆ ಗೋಜಿಗೆ ಹೋಗಲಿಲ್ಲ.

ಕೆಲಸಕ್ಕೆ ಬಂದದ್ದು ಮೂರನೆಯದು: ಬೇರೆಯವರು ಹೇಗೂ ಕೊಳ್ಳಲಿದ್ದುದನ್ನು ನನ್ನ ವ್ಯಾಲೆಟ್‌ನಿಂದ ತರಿಸಿಕೊಟ್ಟು ಅವರಿಂದ ದುಡ್ಡು ತೆಗೆದುಕೊಳ್ಳುವುದು. ಪಕ್ಕದ ಮನೆಯ ವೈನಿಗೆ ಒಂದು ಕುರ್ತಾ, ಒಂದು ಹಾಸಿಗೆ ಬಟ್ಟೆಯ ಜೋಡಿ ಬೇಕಿತ್ತು. 649 ಮತ್ತು 1,150, ಒಟ್ಟು 1,799 ರೂಪಾಯಿ. ‘ವೈನಿ, ನೀವು 1,750 ಕೊಡಿರಿ ಸಾಕು’ ಎಂದೆ. ಅವರು ಆಗಲೇ ಮೊಬೈಲ್ ತೆಗೆದು ಕಳಿಸಿದರು. 49 ರೂಪಾಯಿ ಬಿಟ್ಟುಕೊಟ್ಟು 1,750 ನಿಜವಾದ ದುಡ್ಡಾಯಿತು, ವ್ಯಾಲೆಟ್‌ನಲ್ಲಿ ನೂರು ಉಳಿಯಿತು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಕುರ್ತಾದ ತೋಳು ಬಿಗಿಯಾಗಿ ವೈನಿ ಅದನ್ನು ವಾಪಸ್ ಮಾಡಿಸಿದರು. ಅವರಿಗೆ 649 ರೂಪಾಯಿ ನಾನು ಎಣಿಸಿ ಕೊಟ್ಟೆ, ಆ್ಯಪ್‌ನವರು ನನಗೆ ಕೊಟ್ಟದ್ದು ಮತ್ತೆ ವ್ಯಾಲೆಟ್‌ನಲ್ಲಿ. ಹೊಸದಾಗಿ 90 ದಿನ ಸಿಗಬಹುದೆಂದು ತೆರೆದು ನೋಡಿದರೆ ಅದೇ ಜನವರಿ 2. ವಾಪಸ್ ಬಂದ ವ್ಯಾಲೆಟ್ ಹಣಕ್ಕೆ ಅವರು ಹಳೆಯ ಗಡುವನ್ನೇ ಅಂಟಿಸಿದ್ದರು. ಅಂದು ಡಿಸೆಂಬರ್ 26. ಹಾಗಾಗಿ ಈ ದಾರಿ ಹಿಡಿಯುವವರು ಅಳತೆಯ ಬಟ್ಟೆ, ಬೂಟುಗಳಿಗೆ ಕೈ ಹಾಕಬಾರದು. ಹಾಸಿಗೆ ಬಟ್ಟೆ, ಟವೆಲ್‌ನಂಥದ್ದಾದರೆ ವಾಪಸಾಗುವುದು ಕಡಿಮೆ. ಗಡುವಿಗೆ ಮೂರು ವಾರವಾದರೂ ಇರುವಾಗಲೇ ಆರ್ಡರ್ ಹಾಕಿದರೆ, ವಾಪಸಾದರೂ ಇನ್ನೊಮ್ಮೆ ಕೊಳ್ಳಲು ಸಮಯ ಸಿಗುತ್ತದೆ.

ಉಳಿದ 749ಕ್ಕೆ 760 ರೂಪಾಯಿಯ ನಾಲ್ಕು ಟವೆಲ್ ತರಿಸಿದೆ. ಹೆಚ್ಚಿನ 11 ರೂಪಾಯಿಯನ್ನು ಯುಪಿಐಯಲ್ಲಿ ಕೊಟ್ಟೆ. ಸಂಕ್ರಾಂತಿಗೆ ಇಳಕಲ್ಲಿನಿಂದ ಬಂದ ಅಕ್ಕ ಅವುಗಳಲ್ಲಿ ಎರಡನ್ನು ಕೇಳಿ ಒಯ್ದಳು.