ಹಸಿರು ₹45, ಕೈಗೆ ನಷ್ಟ: ಆಪ್ಷನ್ ಆ್ಯಪ್‌ನೊಂದಿಗೆ ಎರಡು ವರ್ಷ

ಪ್ರತಿ ಆರ್ಡರ್‌ಗೆ ₹20 ಬ್ರೋಕರೇಜ್ ಪಡೆಯುವ ಈ ಆ್ಯಪ್ ಅನ್ನು ಎರಡು ವರ್ಷಗಳಿಂದ ಬಳಸುತ್ತಿದ್ದೇನೆ. ವೇಗ, ಚಾರ್ಟ್, ಹಣ ಹಿಂಪಡೆಯುವ ವ್ಯವಸ್ಥೆ ಯಾವುದರ ಬಗ್ಗೆಯೂ ದೂರಿಲ್ಲ. ನನ್ನನ್ನು ಕೆರಳಿಸಿದ್ದು ಲಾಭ-ನಷ್ಟ ತೋರಿಸುವ ಪೊಸಿಷನ್ ಪರದೆಯಲ್ಲಿ ಕಾಣುವ ಹಸಿರು ಅಂಕಿ ಮಾತ್ರ.

2025ರ ಆಗಸ್ಟ್‌ನಲ್ಲಿ ನಿಫ್ಟಿಯ ಒಂದು ಕಾಲ್ ಆಪ್ಷನ್ ಅನ್ನು ಯೂನಿಟ್‌ಗೆ ₹20 ಪ್ರೀಮಿಯಂ, ಅಂದರೆ ಬೆಲೆ, ಕೊಟ್ಟು ಕೊಂಡೆ. ಒಟ್ಟಿಗೇ ಕೊಳ್ಳಬೇಕಾದ ಯೂನಿಟ್‌ಗಳ ಕಟ್ಟು, ಅಂದರೆ ಲಾಟ್, ಆಗ 75, ಆದ್ದರಿಂದ ತೊಡಗಿಸಿದ ಹಣ ₹1,500. ಅರ್ಧ ಗಂಟೆಯ ನಂತರ ₹20.60ಕ್ಕೆ ಮಾರಿದೆ. ಪರದೆ ₹45 ಲಾಭವೆಂದು ತೋರಿಸಿತು. ರಾತ್ರಿ ಬಂದ, ದಿನದ ವಹಿವಾಟು ಮತ್ತು ಶುಲ್ಕಗಳ ವಿವರವಿರುವ ಕಾಂಟ್ರಾಕ್ಟ್ ನೋಟ್ ಪ್ರಕಾರ ನನ್ನ ಖಾತೆಯಿಂದ ಸುಮಾರು ಐದೂವರೆ ರೂಪಾಯಿ ಹೋಗಿತ್ತು.

ಅಂದಿನಿಂದ ಊಟವಾದ ಮೇಲೆ ಆ ನೋಟ್ ತೆರೆದು, ಗೆರೆ ಎಳೆದ ಪುಸ್ತಕದಲ್ಲಿ ಒಂದೊಂದೇ ಸಾಲು ಬರೆದುಕೊಳ್ಳುವುದು ನನ್ನ ರೂಢಿ. ಆ ದಿನದ ಪುಟ ಹೀಗಿದೆ. ಕೊಳ್ಳುವಾಗ ₹20, ಮಾರುವಾಗ ₹20, ಒಟ್ಟು ಬ್ರೋಕರೇಜ್ ₹40. ಎರಡೂ ಬದಿಯ ಪ್ರೀಮಿಯಂ ಮೊತ್ತ ₹3,045; ಅದರ ಮೇಲೆ ಎನ್‌ಎಸ್‌ಇ ವಹಿವಾಟು ಶುಲ್ಕ ಶೇ 0.03503, ಅಂದರೆ ₹1.07. ಇವೆರಡರ ಮೇಲೆ ಶೇ 18ರ ಜಿಎಸ್‌ಟಿ ₹7.39. ಎಸ್‌ಟಿಟಿ ಎಂಬ ವಹಿವಾಟು ತೆರಿಗೆ ಮಾರಾಟದ ಮೊತ್ತಕ್ಕೆ ಮಾತ್ರ, ಶೇ 0.1, ₹1.55 ಆಗಿದ್ದು ಪೂರ್ಣಾಂಕಕ್ಕೆ ಏರಿ ₹2 ಆಯಿತು. ಕೊಳ್ಳುವಾಗಿನ ಮುದ್ರಾಂಕ ಶುಲ್ಕ, ಸೆಬಿ ಶುಲ್ಕ ಎರಡೂ ಸೇರಿ ಕೆಲವೇ ಪೈಸೆ. ಎಲ್ಲ ಕೂಡಿದರೆ ಸುಮಾರು ₹50.50. ಇದನ್ನು 75ರಿಂದ ಭಾಗಿಸಿದರೆ ಪ್ರತಿ ಯೂನಿಟ್‌ಗೆ 67 ಪೈಸೆ. ಬೆಲೆ 5 ಪೈಸೆಯ ಹೆಜ್ಜೆಯಲ್ಲಿ ಏರಿಳಿಯುವುದರಿಂದ, ₹20.65ಕ್ಕೆ ಮಾರಿದ್ದರೂ ನಷ್ಟವೇ, ₹20.70 ಸಿಕ್ಕಿದ್ದರೆ ಮಾತ್ರ ಎರಡು ರೂಪಾಯಿ ಉಳಿಯುತ್ತಿತ್ತು.

ಪುಟಗಳು ಹೆಚ್ಚಿದಂತೆ ನನ್ನ ಸಿಟ್ಟಿನ ಗುರಿ ಬದಲಾಯಿತು. 2024ರ ಅಕ್ಟೋಬರ್ 1ರಂದು ಎಸ್‌ಟಿಟಿ ಶೇ 0.0625ರಿಂದ 0.1ಕ್ಕೆ ಏರಿದಾಗ ನಾನು ಬಹಳ ಬೇಸರಪಟ್ಟಿದ್ದೆ. ಆದರೆ ನನ್ನಷ್ಟು ಸಣ್ಣ ವಹಿವಾಟಿನಲ್ಲಿ ಆ ಏರಿಕೆಯ ಭಾರ ಒಂದು ರೂಪಾಯಿಗಿಂತ ಹೆಚ್ಚಿಲ್ಲ. ₹50.50ರಲ್ಲಿ ₹47.20 ಬ್ರೋಕರೇಜ್ ಮತ್ತು ಅದರ ಜಿಎಸ್‌ಟಿಯೇ. ಪ್ರೀಮಿಯಂ ₹5 ಇರಲಿ, ₹200 ಇರಲಿ, ಈ ಮೊತ್ತ ಬದಲಾಗುವುದಿಲ್ಲ. ಆಗಿನ ದರ ಮತ್ತು 75ರ ಲಾಟ್‌ನಲ್ಲಿ ₹5ರ ಆಪ್ಷನ್ ₹5.65 ಮುಟ್ಟಬೇಕಿತ್ತು, ಅಂದರೆ ಶೇ 13ರಷ್ಟು ಏರಬೇಕಿತ್ತು. ₹200ರದ್ದಕ್ಕೆ ₹201.05 ಸಾಕಿತ್ತು, ಸುಮಾರು ಅರ್ಧ ಶೇಕಡಾ. ಅಗ್ಗವೆಂದು ಕೊಂಡದ್ದೇ ಶುಲ್ಕದ ಲೆಕ್ಕದಲ್ಲಿ ತುಟ್ಟಿ. 2024ರ ಮಧ್ಯದಲ್ಲಿ ಲಾಟ್ 25 ಇದ್ದಾಗ, ಅದೇ ₹20ರ ಆಪ್ಷನ್‌ನಲ್ಲಿ ಶುಲ್ಕ ದಾಟಲು ₹1.90ಕ್ಕೂ ಹೆಚ್ಚು ಏರಿಕೆ ಬೇಕಿತ್ತು.

ಈಗ ಆರ್ಡರ್ ಹಾಕುವ ಮುನ್ನ, ಎಷ್ಟಕ್ಕೆ ಮಾರಿದರೆ ಶುಲ್ಕ ದಾಟುತ್ತದೆಂದು ತಿಳಿಯಲು ಈ ಒಂದು ಸಾಲನ್ನು ಲೆಕ್ಕ ಹಾಕುತ್ತೇನೆ:

```
P + (23.60 × N) / Q + 0.00186 × P
```

P ಕೊಂಡ ಪ್ರೀಮಿಯಂ, N ಒಟ್ಟು ಆರ್ಡರ್‌ಗಳು, Q ಯೂನಿಟ್‌ಗಳು. 23.60 ಎಂದರೆ ಜಿಎಸ್‌ಟಿ ಸೇರಿದ ಒಂದು ಆರ್ಡರ್‌ನ ಬ್ರೋಕರೇಜ್. 0.00186 ಆಗಿನ ದರಗಳಲ್ಲಿ ಉಳಿದ ಶುಲ್ಕಗಳ ಮೊತ್ತ. ದರ ಬದಲಾದಾಗ ಅದನ್ನು ತಿದ್ದಬೇಕು, ಲಾಟ್ ಬದಲಾದಾಗ Q ತಿದ್ದಬೇಕು. ಬಂದ ಉತ್ತರವನ್ನು ಮುಂದಿನ 5 ಪೈಸೆಗೆ ಏರಿಸಿಕೊಳ್ಳುತ್ತೇನೆ.

ಇದರಲ್ಲಿ N ನನ್ನ ಅಭ್ಯಾಸವನ್ನೇ ಬದಲಿಸಿತು. ಆಗಿನ ದರ ಮತ್ತು ಲಾಟ್‌ನಲ್ಲಿ, ಎರಡು ಲಾಟ್ ಕೊಂಡು ಒಂದೇ ಆರ್ಡರ್‌ನಲ್ಲಿ ಮಾರಿದರೆ ₹20ರ ಆಪ್ಷನ್‌ಗೆ ₹20.40 ಸಾಕಿತ್ತು. ಎಚ್ಚರಿಕೆಯೆಂದುಕೊಂಡು ಒಂದೊಂದೇ ಲಾಟ್ ಮಾರಿದರೆ ಮೂರನೆಯ ಆರ್ಡರ್ ಸೇರಿ, ಸರಾಸರಿ ₹20.55 ಸಿಗಬೇಕಿತ್ತು. ಲಾಟ್ ಬಿಡಿಸಿ ಮಾರುವುದನ್ನು ನಾನು ಬಿಟ್ಟಿದ್ದೇನೆ.

ಇನ್ನೊಂದು ಕಡೆಯೂ ಆ ಹಸಿರು ಅಂಕಿ ದಾರಿ ತಪ್ಪಿಸುತ್ತದೆ. ಅದು ಕೊನೆಯ ವಹಿವಾಟಿನ ಬೆಲೆಯನ್ನು ಹಿಡಿದು ಲೆಕ್ಕ ಹಾಕುತ್ತದೆ. ಮಾರ್ಕೆಟ್ ಆರ್ಡರ್‌ನಲ್ಲಿ ನನಗೆ ಸಿಗುವುದು ಕೊಳ್ಳುವವರು ಕೂಗಿದ ಬೆಲೆ. ₹20.70 ಕಂಡು ಮಾರಿ ₹20.60 ಪಡೆದ ದಿನಗಳಿವೆ. ಹತ್ತು ಪೈಸೆ ಜಾರಿದರೆ 75ರ ಒಂದು ಲಾಟ್‌ಗೆ ₹7.50. ಅದಕ್ಕಾಗಿ ಕನಿಷ್ಠ ಬೆಲೆಯನ್ನು ನಾನೇ ಗೊತ್ತುಮಾಡುವ ಲಿಮಿಟ್ ಆರ್ಡರನ್ನೇ ಹಾಕುತ್ತೇನೆ.

ಆ್ಯಪ್‌ನವರ ಬಗ್ಗೆ ಒಂದು ಮಾತು ಹೇಳಲೇಬೇಕು. ಶುಲ್ಕದಲ್ಲಿ ಅವರು ಏನನ್ನೂ ಮುಚ್ಚಿಟ್ಟಿಲ್ಲ. ನೋಟ್‌ನ ಪ್ರತಿ ಸಾಲೂ ನನ್ನ ಲೆಕ್ಕಕ್ಕೆ ತಾಳೆಯಾಗುತ್ತದೆ. ಆದರೆ ರಾತ್ರಿ ತೋರಿಸುವ ಅಂಕಿಯನ್ನು ಮಾರುವ ಗುಂಡಿಯ ಪಕ್ಕದಲ್ಲೇ ತೋರಿಸಬಹುದಲ್ಲ! ದರಗಳೆಲ್ಲ ಅವರ ಬಳಿಯೇ ಇವೆ. ಅದೊಂದು ಬರುವವರೆಗೆ ಐದರಲ್ಲಿ ಮೂರು ನಕ್ಷತ್ರ ಕೊಡುತ್ತೇನೆ.